ಜುಗಾಡ್‌ಗೆ ಕನ್ನಡದಲ್ಲಿ ಏನನ್ನೋಣ? ಉಪಾಯ, ತೇಪೆ, ವಶೀಲಿ, ಇಲ್ಲಾ ಸುಮ್ನೆ ‘ಹೇಗೋ’

ಒಂದು ಹಿಂದಿ ಮಾತು ನೋಡಿ. ಹೆಂಡತಿ ಗಂಡನನ್ನು ರೇಗಿಸುತ್ತಿದ್ದಾಳೆ. ‘ತುಮ್ಹಾರಾ ತೋ ಸಬ್ ಜುಗಾಡ್ ಹೈ. ನೌಕ್ರೀ ಭೀ, ಸ್ಕೂಟರ್ ಭೀ, ಶಾದೀ ಭೀ.’

ಹಿಂದಿ ಬಲ್ಲ ಯಾರಿಗೂ ಅರ್ಥ ಆಗುವುದಕ್ಕೆ ಕಷ್ಟವಿಲ್ಲ. ಕನ್ನಡದಲ್ಲಿ ಬರೆಯಲು ಕೂತಾಗಲೇ ಪೆನ್ನು ನಿಲ್ಲುವುದು. ಕೆಲಸ ಜುಗಾಡ್ ಅಂದರೆ ಯಾರದೋ ಕೈಕಾಲು ಹಿಡಿದು ಸಿಕ್ಕಿದ್ದು. ಸ್ಕೂಟರ್ ಜುಗಾಡ್ ಅಂದರೆ ಹಳೇ ಬಿಡಿಭಾಗ ಸೇರಿಸಿ, ತಂತಿ ಸುತ್ತಿ ಓಡುವಂತೆ ಮಾಡಿದ್ದು. ಮದುವೆ ಜುಗಾಡ್ ಅಂದರೆ ಎಲ್ಲೋ ತಪ್ಪಿ, ಎಲ್ಲೋ ಕೂಡಿ, ಕೊನೆಗೆ ಆಗಿಹೋದದ್ದು. ಮೂರು ಬೇರೆ ಸಂಗತಿ, ಒಂದೇ ಪದ. ನಗು ಬರುವುದೇ ಆ ‘ಒಂದೇ ಪದ’ದಿಂದ. ಕನ್ನಡದಲ್ಲಿ ವಶೀಲಿಯ ಕೆಲಸ, ತೇಪೆ ಹಾಕಿದ ಸ್ಕೂಟರ್ ಅಂತ ಬಿಡಿಸಿ ಬರೆದರೆ ಅರ್ಥ ಉಳಿಯುತ್ತದೆ, ನಗು ಹೋಗುತ್ತದೆ.

ಈ ಮಾತನ್ನು ಸದ್ಯಕ್ಕೆ ಇಲ್ಲೇ ಬಿಟ್ಟಿರುತ್ತೇನೆ, ಆಮೇಲೆ ಇದಕ್ಕೇ ಬರೋಣ. ಮೊದಲು, ಹಿಂದಿ ವಾಕ್ಯದಲ್ಲಿ ಜುಗಾಡ್ ಎದುರಾದರೆ ಕನ್ನಡದ ಯಾವ ಪದ ಎಲ್ಲಿ ಕೂರುತ್ತದೆ, ಎಲ್ಲಿ ಜಾರುತ್ತದೆ ಅಂತ ನೋಡೋಣ.

ಜುಗಾಡ್‌ನ ಅಕ್ಕಪಕ್ಕ ಏನಿದೆ?

ಹೆಚ್ಚಿನವರು ಮಾಡುವ ತಪ್ಪು, ಪದವನ್ನೇ ದಿಟ್ಟಿಸುತ್ತಾ ಕೂರುವುದು. ಜುಗಾಡ್ ಒಂಟಿಯಾಗಿ ನಿಂತಾಗ ಏನನ್ನೂ ಬಿಟ್ಟುಕೊಡುವುದಿಲ್ಲ. ಗುಟ್ಟು ಇರುವುದು ಅದರ ಹಿಂದೆ ಬರುವ ಪ್ರತ್ಯಯದಲ್ಲಿ, ಮುಂದೆ ಬರುವ ಕ್ರಿಯಾಪದದಲ್ಲಿ.

ಹಿಂದೆ ‘ಕಾ’ ಇದ್ದರೆ, ಇಲ್ಲದ್ದೊಂದನ್ನು ಕೂಡಿಸಿಕೊಳ್ಳುವ ಮಾತು ಅದು. ‘ಪೈಸೋಂ ಕಾ ಜುಗಾಡ್’ ಅಂದರೆ ದುಡ್ಡು ಹೊಂದಿಸುವುದು. ಹಿಂದಿ ಪತ್ರಿಕೆಗಳಲ್ಲಿ ಪದೇಪದೇ ಬರುವ ‘ದೋ ವಕ್ತ್ ಕೀ ರೋಟೀ ಕಾ ಜುಗಾಡ್’ ಕೂಡ ಇದೇ ಗುಂಪಿನದು. ಅಲ್ಲಿ ಜಾಣತನದ ಸುದ್ದಿಯೇ ಇಲ್ಲ. ಎರಡು ಹೊತ್ತಿನ ಊಟಕ್ಕೆ ದಾರಿ ಮಾಡಿಕೊಳ್ಳುವ ಬಡವನ ಪಾಡು ಅದು. ಅದನ್ನು ‘ಎರಡು ಹೊತ್ತಿನ ರೊಟ್ಟಿಯ ಉಪಾಯ’ ಅಂತ ಬರೆದರೆ ಬಡವ ಏನೋ ಚಮತ್ಕಾರ ತೋರಿಸುತ್ತಿದ್ದಾನೆ ಅನ್ನುವ ಹಾಗಾಗುತ್ತದೆ.

ಹಿಂದೆ ‘ಸೇ’ ಇದ್ದು, ಅದಕ್ಕೂ ಹಿಂದೆ ಟ್ಯೂಬು, ತಂತಿ, ಹಗ್ಗ ಇಂಥ ವಸ್ತು ಬಂದರೆ ಅದು ರಿಪೇರಿಯ ಜುಗಾಡ್. ಇರುವ ಸಾಮಾನಿನಲ್ಲೇ ಕೆಲಸ ಮುಗಿಸುವುದು.

ಹಿಂದೆ ‘ಮೇಂ’ ಇದ್ದು, ಅದರ ಜೊತೆ ದಫ್ತರ್, ಕಾಲೇಜು, ಮಂತ್ರಾಲಯದಂಥ ಜಾಗವಿದ್ದು, ಕೊನೆಗೆ ಬರೀ ‘ಹೈ’ ಇದ್ದರೆ ಅದು ಜನರ ಜುಗಾಡ್. ‘ದಫ್ತರ್ ಮೇಂ ಕೋಯೀ ಜುಗಾಡ್ ಹೈ ಕ್ಯಾ?’ ಅಂತ ಕೇಳುವವನಿಗೆ ಉಪಾಯ ಬೇಕಾಗಿಲ್ಲ. ಒಳಗೆ ಗೊತ್ತಿರುವವರು ಬೇಕು.

ಕ್ರಿಯಾಪದವೂ ಸುಳಿವು ಕೊಡುತ್ತದೆ. ‘ಹೋ ಗಯಾ’ ಅಂದರೆ ಹೊಂದಿತು, ಕೂಡಿಬಂತು. ‘ಲಗಾನಾ’ ಬಂದರೆ ಕೈ ಓಡಿಸಿದ್ದು, ತಲೆ ಓಡಿಸಿದ್ದು. ‘ಭಿಡಾನಾ’ ಬಂದರೆ ಸ್ವಲ್ಪ ಹುಷಾರು, ಅಲ್ಲಿ ತೆರೆಮರೆಯ ಆಟದ ವಾಸನೆ ಇರುತ್ತದೆ. ಇದೇನೂ ವ್ಯಾಕರಣದ ನಿಯಮ ಅಲ್ಲ. ಆದರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಕೈಹಿಡಿದಿದೆ.

ಕನ್ನಡದ ಉಮೇದುವಾರರು

ಹೊಂದಿಸು, ಹೊಂಚು. ‘ಕಾ ಜುಗಾಡ್’ ಬಂದಲ್ಲಿ ಇವೇ ಸರಿ. ‘ದುಡ್ಡು ಹೊಂಚಿಕೊಂಡು ಬಂದ’ ಅನ್ನುವಾಗ ಆ ಹೊಂಚುವಿಕೆಯಲ್ಲಿ ಅಲ್ಲಿ ಇಲ್ಲಿ ಅಲೆದದ್ದು ಕೂಡ ಕೇಳಿಸುತ್ತದೆ. ಇದು ಜುಗಾಡ್‌ಗೆ ತುಂಬಾ ಹತ್ತಿರ. ಒಂದೇ ಎಚ್ಚರ ಅಂದರೆ ‘ಹೊಂಚು ಹಾಕು’ ಆಗಬಾರದು. ಅದು ಬೇಟೆಗೆ ಕಾದು ಕೂರುವ ಮಾತು.

ಉಪಾಯ, ಯುಕ್ತಿ. ಅನುವಾದಕರು ಮೊದಲು ಕೈ ಹಾಕುವುದು ಇವಕ್ಕೇ, ನಾನೂ ಹಾಕಿದ್ದೇನೆ. ತೊಂದರೆ ಏನೆಂದರೆ ಇವೆರಡೂ ತಲೆಯಲ್ಲಿ ಹುಟ್ಟಿ ತಲೆಯಲ್ಲೇ ಮುಗಿಯುತ್ತವೆ. ಕಾಗೆ ಹೂಜಿಗೆ ಕಲ್ಲು ಹಾಕಿದ್ದು ಉಪಾಯ. ಜುಗಾಡ್‌ನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡಿರುತ್ತದೆ. ಅದೂ ಅಲ್ಲದೆ ಉಪಾಯ ಒಳ್ಳೆಯ ಪದ, ಅದಕ್ಕೆ ನಾಚಿಕೆ ಇಲ್ಲ. ಜುಗಾಡ್ ಅನ್ನುವವನ ದನಿಯಲ್ಲಿ ‘ಇದು ಸರಿಯಾದ ದಾರಿ ಅಲ್ಲ ಅಂತ ಗೊತ್ತು’ ಅನ್ನುವ ಒಂದು ಸಣ್ಣ ನಗು ಇರುತ್ತದೆ.

ಹಿಕಮತ್ತು. ನನಗೆ ಪ್ರೀತಿಯ ಪದ. ಜಾಣತನವೂ ಇದೆ, ಸ್ವಲ್ಪ ಕಿಲಾಡಿತನವೂ ಇದೆ. ಆದರೆ ಈಗಿನ ಓದುಗರಲ್ಲಿ ಅರ್ಧದಷ್ಟು ಜನಕ್ಕೆ ಹಳೇ ಕಾಲದ ಪದ ಅನ್ನಿಸುತ್ತದೆ. ವಯಸ್ಸಾದ ಪಾತ್ರದ ಬಾಯಲ್ಲಿ ಇಟ್ಟರೆ ಚೆನ್ನ. ಇಪ್ಪತ್ತರ ಹುಡುಗನ ಬಾಯಲ್ಲಿ ಇಟ್ಟರೆ ವೇಷ ಹಾಕಿಸಿದ ಹಾಗೆ.

ತೇಪೆ. ರಿಪೇರಿಯ ಜುಗಾಡ್‌ಗೆ ಎಲ್ಲರೂ ಹೇಳುವ ಪದ. ಆದರೆ ತೇಪೆ ಅಂದ ಕೂಡಲೇ ಬೈಗುಳ. ‘ಸರ್ಕಾರ ತೇಪೆ ಹಚ್ಚಿತು’ ಅಂದರೆ ಅದನ್ನು ಯಾರೂ ಹೊಗಳಿಕೆ ಅಂದುಕೊಳ್ಳುವುದಿಲ್ಲ. ಮೆಕ್ಯಾನಿಕ್ಕು ತನ್ನ ಜುಗಾಡ್ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದರೆ ತೇಪೆ ಬಳಸಬೇಡಿ. ಅದೇ ಕೆಲಸವನ್ನು ಅವನ ಗಿರಾಕಿ ಬೈಯುತ್ತಿದ್ದರೆ ಧಾರಾಳವಾಗಿ ಬಳಸಿ.

ವಶೀಲಿ. ಜನರ ಜುಗಾಡ್‌ಗೆ ನೇರ ಉತ್ತರ. ಆದರೆ ಇದರಲ್ಲಿ ದೊಡ್ಡವರ ನೆರಳು ಜಾಸ್ತಿ. ವಶೀಲಿ ಅಂದರೆ ಶಾಸಕರು, ಅಧಿಕಾರಿಗಳು ಕಣ್ಣ ಮುಂದೆ ಬರುತ್ತಾರೆ. ಜುಗಾಡ್ ಅಷ್ಟು ಮೇಲೆ ಹೋಗಬೇಕಾಗಿಲ್ಲ. ಟಿಕೆಟ್ ಕೌಂಟರಿನಲ್ಲಿ ಭಾವನ ಗೆಳೆಯ ಇದ್ದರೆ ಸಾಕು. ಅಂಥ ಕಡೆ ‘ಯಾರಾದರೂ ಗೊತ್ತಿದ್ದಾರಾ?’ ಅನ್ನುವ ನಾಲ್ಕಾಣೆಯ ಪ್ರಶ್ನೆಯೇ ಸರಿಯಾಗಿ ಕೂರುತ್ತದೆ.

ಅಡ್ಜಸ್ಟ್. ‘ಜುಗಾಡ್‌ಗೆ ಕನ್ನಡದ ಉತ್ತರ ಅಡ್ಜಸ್ಟ್’ ಅಂತ ಹೇಳುವವರು ಇದ್ದಾರೆ. ಅರ್ಧ ನಿಜ. ‘ಒಂದೈದು ಸಾವಿರ ಅಡ್ಜಸ್ಟ್ ಮಾಡು ಮಾರಾಯ’ ಅಂದಾಗ ಅದು ಅಚ್ಚುಕಟ್ಟಾಗಿ ಪೈಸೋಂ ಕಾ ಜುಗಾಡೇ. ಆದರೆ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂದರೆ ನೀವು ಕುಗ್ಗಬೇಕು, ಇನ್ನೊಬ್ಬರಿಗೆ ಜಾಗ ಕೊಡಬೇಕು. ಅಡ್ಜಸ್ಟ್ ಮಾಡುವವನು ತಾನು ಬದಲಾಗುತ್ತಾನೆ. ಜುಗಾಡ್ ಮಾಡುವವನು ತಾನು ಹಾಗೇ ಇದ್ದು ಎದುರಿನ ವಸ್ತುವನ್ನೋ ನಿಯಮವನ್ನೋ ಬಗ್ಗಿಸುತ್ತಾನೆ. ಒಂದು ತಾಳ್ಮೆ, ಇನ್ನೊಂದು ಚುರುಕು. ದುಡ್ಡಿನ ಸಂದರ್ಭ ಬಿಟ್ಟು ಬೇರೆಲ್ಲೂ ಇವನ್ನು ಅದಲು ಬದಲು ಮಾಡಬೇಡಿ.

ಇನ್ನು ‘ದೇಸಿ ಆವಿಷ್ಕಾರ’, ‘ಮಿತವ್ಯಯದ ನಾವೀನ್ಯತೆ’. ಇವು ಮ್ಯಾನೇಜ್‌ಮೆಂಟ್ ಭಾಷಣದಿಂದ ಬಂದವು. ಹಿಂದೊಮ್ಮೆ ನಾನು ಮಾಡಿದ ಒಂದು ಅನುವಾದದಲ್ಲಿ ‘ಲಸ್ಸಿ ಕಡೆಯಲು ಬಟ್ಟೆ ಒಗೆಯುವ ಮೆಷಿನ್’ ಪ್ರಸಂಗಕ್ಕೆ ‘ದೇಸಿ ಆವಿಷ್ಕಾರ’ ಅಂತ ಬರೆದಿದ್ದೆ. ಕರಡು ನೋಡಿದವರು ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಪೇಟೆಂಟ್ ಆಗಿದೆಯಾ?’ ಅಂತ ಗೀಚಿ ಕಳಿಸಿದರು. ಆಮೇಲೆ ಆ ಪದ ಮುಟ್ಟಿಲ್ಲ.

ಬೇರೆ ಭಾಷೆಯವರ ಪಾಡು

ಒಂದು ಪದಕ್ಕೆ ಒಂದೇ ಪದ ಸಿಗದಿರುವುದು ನಮ್ಮೊಬ್ಬರ ಗೋಳಲ್ಲ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಇದಕ್ಕೆ ಹತ್ತಿರದ ಪದ ಒಂದಲ್ಲ, ಎರಡಿವೆ. ತಂತಿ ಸುತ್ತಿ, ಟೇಪ್ ಅಂಟಿಸಿ ಓಡಿಸುವ ವಸ್ತುವಿಗೆ ‘ಗಾಂಬಿಯಾರಾ’. ಕೌಂಟರಿನಲ್ಲಿ ಕೂತವರ ಜೊತೆ ನಗುನಗುತ್ತಾ ಮಾತಾಡಿ, ನಿಯಮವನ್ನು ಸ್ವಲ್ಪ ಸರಿಸಿ ಕೆಲಸ ಮಾಡಿಸಿಕೊಳ್ಳುವುದಕ್ಕೆ ‘ಜೈಚಿನ್ಯೊ’. ವಸ್ತು ಬೇರೆ, ಮನುಷ್ಯ ಬೇರೆ ಅಂತ ಆ ಭಾಷೆ ಗೆರೆ ಎಳೆದಿದೆ. ಕನ್ನಡವೂ ತೇಪೆ ಮತ್ತು ವಶೀಲಿ ಅಂತ ಹಾಗೇ ಎಳೆದಿದೆ. ಹಿಂದಿ ಮಾತ್ರ ಆ ಗೆರೆ ಎಳೆಯದೆ ಎರಡನ್ನೂ ಒಂದೇ ಚೀಲಕ್ಕೆ ಹಾಕಿದೆ.

ಫ್ರೆಂಚರ ಕಥೆ ಇನ್ನೂ ಸ್ವಾರಸ್ಯ. ಅವರಲ್ಲಿ ‘ಸಿಸ್ತೆಮ್ ದೇ’ ಅನ್ನುವ ಮಾತಿದೆ. ‘ದೇ’ ಅಂದರೆ ಡಿ ಅಕ್ಷರ, ಹೇಗಾದರೂ ಮಾಡಿ ಸಿಕ್ಕಿನಿಂದ ಬಿಡಿಸಿಕೊಳ್ಳುವುದು ಅನ್ನುವ ಕ್ರಿಯಾಪದದ ಮೊದಲಕ್ಷರ. ಜುಗಾಡ್‌ಗೆ ಹೇಳಿ ಮಾಡಿಸಿದ ಜೋಡಿ ಅನ್ನಿಸುತ್ತದೆ, ಅಲ್ವಾ? ಆದರೆ ಜುಗಾಡ್ ಬಗ್ಗೆ 2012ರಲ್ಲಿ ಇಂಗ್ಲಿಷಿನಲ್ಲಿ ಬಂದ ಮ್ಯಾನೇಜ್‌ಮೆಂಟ್ ಪುಸ್ತಕ ಮರುವರ್ಷ ಫ್ರೆಂಚಿಗೆ ಹೋದಾಗ, ಹೆಸರಿನಲ್ಲಿ ಜುಗಾಡ್ ಪದವನ್ನೇ ಇಟ್ಟುಕೊಂಡರು. ಕಾರಣ ಊಹಿಸುವುದು ಕಷ್ಟವಲ್ಲ. ಮನೆಯ ಪದ ಹಾಕಿದರೆ ಓದುಗ ‘ಇದು ನನಗೆ ಗೊತ್ತಿರುವುದೇ’ ಅಂತ ಪುಸ್ತಕ ಪಕ್ಕಕ್ಕಿಡುತ್ತಾನೆ. ಹೊರಗಿನ ಪದಕ್ಕೆ ಕುತೂಹಲದ ಬೆಲೆ ಇದೆ. ಸಮಾನ ಪದ ಇದ್ದರೂ ಮೂಲ ಪದ ಗೆಲ್ಲುವುದುಂಟು, ಅದು ಮಾರಾಟದ ಲೆಕ್ಕ.

ಬಂಗಾಳಿಯಿಂದ ಅನುವಾದ ಮಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ‘ಜೊಗಾಡ್’ ಕೇಳಿದರೆ ಇದೇ ಪದ ಅನ್ನಿಸುತ್ತದೆ. ಆದರೆ ಅದು ಬಹುಮಟ್ಟಿಗೆ ಹೊಂದಿಸುವುದು, ಅಣಿ ಮಾಡುವುದು ಅಷ್ಟೇ. ಪೂಜೆಗೆ ಸಾಮಾನು ಜೋಡಿಸುವುದೂ ಜೊಗಾಡೇ. ‘ಜೊಗಾಡೆ’ ಅಂದರೆ ಗಾರೆ ಕೆಲಸದವನ ಕೈಯಾಳು, ಗಾರೆ ಕಲಸಿ ಇಟ್ಟಿಗೆ ಹೊತ್ತು ಕೊಡುವವನು. ಅವನನ್ನು ಹಿಂದಿಯ ‘ಜುಗಾಡೂ’ ಅಂತ ತಿಳಿದು ಕಿಲಾಡಿ ಮಾಡಿಬಿಟ್ಟರೆ ಕಥೆಯೇ ಕೆಡುತ್ತದೆ.

ಅನುವಾದಿಸಲೇಬಾರದ ಜುಗಾಡ್

ಉತ್ತರ ಭಾರತದ ಹಳ್ಳಿಗಳಲ್ಲಿ ಜುಗಾಡ್ ಅನ್ನುವುದು ಒಂದು ಗಾಡಿಯ ಹೆಸರು ಕೂಡ. ಹೊಲಕ್ಕೆ ನೀರೆತ್ತುವ ಡೀಸೆಲ್ ಪಂಪಿನ ಎಂಜಿನ್, ಹಳೇ ಜೀಪಿನ ಸ್ಟಿಯರಿಂಗು ಮತ್ತು ಚಕ್ರ, ಮೇಲೆ ಮರದ ಹಲಗೆ. ಅಷ್ಟೇ ಗಾಡಿ. ಜನ, ಕಬ್ಬು, ಎಮ್ಮೆ ಎಲ್ಲವನ್ನೂ ಹೊರುತ್ತದೆ. ಪಂಜಾಬಿನಲ್ಲಿ ಇಂಥವಕ್ಕೆ ‘ಮರೂತಾ’ ಅನ್ನುವ ಹೆಸರೂ ಇದೆ. ನೋಂದಣಿ ಇಲ್ಲ, ವಿಮೆ ಇಲ್ಲ. ಅಪಘಾತವಾದರೆ ಪರಿಹಾರ ಯಾರನ್ನು ಕೇಳಬೇಕು ಅನ್ನುವುದೇ ಗೊಂದಲ. 2013ರಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಜುಗಾಡ್ ಕೂಡ ಮೋಟಾರು ವಾಹನವೇ, ಮೋಟಾರು ವಾಹನ ಕಾಯ್ದೆಗೆ ಅದೂ ಒಳಪಡುತ್ತದೆ ಅಂತ ಹೇಳಿತು.

ಈ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ತಾತ್ಕಾಲಿಕ ವಾಹನ’, ‘ತೇಪೆ ಗಾಡಿ’ ಅಂತೆಲ್ಲ ಬರೆಯಬಾರದು. ಕೋರ್ಟು ಮಾತಾಡಿದ್ದು ಜನ ‘ಜುಗಾಡ್’ ಅಂತಲೇ ಕರೆಯುವ ವಸ್ತುವಿನ ಬಗ್ಗೆ. ಹೆಸರು ತೆಗೆದರೆ ತೀರ್ಪು ಯಾವುದಕ್ಕೆ ಅಂತಲೇ ತಿಳಿಯುವುದಿಲ್ಲ. ಮೊದಲ ಸಲ ‘ಪಂಪಿನ ಎಂಜಿನ್ ಕೂರಿಸಿ ಹಳ್ಳಿಯಲ್ಲೇ ಕಟ್ಟುವ ಜುಗಾಡ್ ಗಾಡಿ’ ಅಂತ ಬಿಡಿಸಿ ಹೇಳಿ, ಆಮೇಲೆ ಬರೀ ಜುಗಾಡ್ ಅಂದರೆ ಆಯಿತು.

2022ರ ಏಪ್ರಿಲ್‌ನಲ್ಲಿ ಪಂಜಾಬಿನಲ್ಲಿ ನಡೆದದ್ದೂ ಇಂಥದ್ದೇ. ಬೈಕಿಗೆ ತಳ್ಳುಗಾಡಿ ಕಟ್ಟಿ ಓಡಿಸುವ ‘ಜುಗಾಡೂ ರೇಹ್ಡಿ’ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಪೊಲೀಸ್ ಇಲಾಖೆಯಿಂದ ಆದೇಶ ಬಂತು. ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಅಂತ ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ಅದು ವಾಪಸಾಯಿತು. ಆದೇಶದಲ್ಲಿ ಜುಗಾಡ್ ಅಂದರೆ ಅಪಾಯ. ಗಾಡಿಯವರ ಬಾಯಲ್ಲಿ ಜುಗಾಡ್ ಅಂದರೆ ಅನ್ನ. ಕನ್ನಡದ ನಮ್ಮ ಪದಗಳು ಈ ಜಗಳದಲ್ಲಿ ಯಾವುದಾದರೂ ಒಂದು ಕಡೆ ಸೇರಿಕೊಳ್ಳುತ್ತವೆ. ಹೊಗಳಿಕೆ ಬೈಗುಳ ಎರಡನ್ನೂ ಒಂದೇ ಪದದಲ್ಲಿ ಹೊರುವುದಕ್ಕೆ ಅವುಗಳಿಂದ ಆಗುವುದಿಲ್ಲ. ನನ್ನ ಪ್ರಕಾರ ತೊಡಕು ಇರುವುದು ಇಲ್ಲೇ.

ಒಂದು ಪ್ಯಾರಾ, ನಾಲ್ಕು ಜುಗಾಡ್

ಈಗ ಮಾಡಿಯೇ ನೋಡೋಣ. ಅನುವಾದ ಕಲಿಯುವವರಿಗೆ ಕೊಡಲು ನಾನೇ ಕಟ್ಟಿದ ಹಿಂದಿ ಪ್ಯಾರಾ ಇದು. ಮಾತಾಡುತ್ತಿರುವವನು ಪಂಪಿನ ಮೋಟರ್ ರಿಪೇರಿ ಮಾಡುವವನು.

‘ಪುರ್ಜಾ ನಹೀಂ ಮಿಲಾ ತೋ ಸಾಯ್ಕಿಲ್ ಕೀ ಟ್ಯೂಬ್ ಸೇ ಜುಗಾಡ್ ಕರ್ ದಿಯಾ. ಪೈಸೋಂ ಕಾ ಜುಗಾಡ್ ಹೋ ಜಾಯೇ ತೋ ನಯಾ ಲೇಂಗೇ. ಬಿಜ್ಲೀ ದಫ್ತರ್ ಮೇಂ ಕೋಯೀ ಜುಗಾಡ್ ಹೈ ಕ್ಯಾ? ಹಮಾರಾ ಛೋಟೂ ಬಡಾ ಜುಗಾಡೂ ಹೈ, ವಹೀ ಕುಛ್ ಕರೇಗಾ.’

ಕಲಿಯುವವರು ಮೊದಲ ಸಲ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಬಿಡಿಭಾಗ ಸಿಗದ ಕಾರಣ ಸೈಕಲ್ ಟ್ಯೂಬಿನಿಂದ ಉಪಾಯ ಮಾಡಿದೆ. ಹಣದ ಉಪಾಯವಾದರೆ ಹೊಸದನ್ನು ತೆಗೆದುಕೊಳ್ಳುತ್ತೇವೆ. ವಿದ್ಯುತ್ ಕಚೇರಿಯಲ್ಲಿ ಏನಾದರೂ ಉಪಾಯವಿದೆಯೇ? ನಮ್ಮ ಛೋಟು ಬಹಳ ಉಪಾಯಗಾರ.’ ಓದಿದರೆ ಮೋಟರ್ ರಿಪೇರಿಯವನು ಪಂಚತಂತ್ರದಿಂದ ಎದ್ದು ಬಂದ ಹಾಗಿದೆ. ಮೂರನೇ ವಾಕ್ಯವಂತೂ ಅರ್ಥವೇ ಬೇರೆಯಾಯಿತು.

ಮೇಲೆ ಹೇಳಿದ ಸುಳಿವು ಹಿಡಿದು ಹೋದರೆ ಹೀಗಾಗುತ್ತದೆ: ‘ಪಾರ್ಟು ಸಿಗಲಿಲ್ಲ. ಸೈಕಲ್ ಟ್ಯೂಬು ಸುತ್ತಿ ಹೇಗೋ ಓಡೋ ಹಾಗೆ ಮಾಡಿದೆ. ದುಡ್ಡು ಹೊಂದಿದರೆ ಹೊಸದು ತರೋಣ. ಕರೆಂಟ್ ಆಫೀಸಲ್ಲಿ ಯಾರಾದರೂ ಗೊತ್ತಿದ್ದಾರಾ? ನಮ್ಮ ಛೋಟು ಭಾರಿ ಕಿಲಾಡಿ, ಅವನೇ ಏನಾದರೂ ದಾರಿ ಹುಡುಕ್ತಾನೆ.’

ಇದು ಕನ್ನಡದವರ ಮಾತು. ನಾಲ್ಕು ಜುಗಾಡ್‌ಗೆ ನಾಲ್ಕು ಬೇರೆ ಬೇರೆ ದಾರಿ ಸಿಕ್ಕಿತು, ಅವುಗಳಲ್ಲಿ ಮೂರು ಕಡೆ ನಾಮಪದವೇ ಇಲ್ಲ. ಕಳೆದದ್ದು ಏನು? ಒಂದೇ ಪದ ನಾಲ್ಕು ಸಲ ಬಡಿಯುವ ಆ ತಾಳ. ಇಲ್ಲಿ ಆ ತಾಳದ ಮೇಲೆ ಏನೂ ನಿಂತಿಲ್ಲ, ಹಾಗಾಗಿ ಹೋದರೆ ಹೋಗಲಿ. ಇದನ್ನು ಪರೀಕ್ಷಿಸುವುದು ಸುಲಭ. ಮೂಲದಲ್ಲಿ ಒಂದು ಜುಗಾಡ್ ತೆಗೆದು ಬೇರೆ ಹಿಂದಿ ಪದ ಹಾಕಿ, ಎರಡನೇ ವಾಕ್ಯದಲ್ಲಿ ‘ಇಂತಜಾಮ್’ ಅಂತ ಇಟ್ಟುಕೊಳ್ಳಿ. ಪ್ಯಾರಾ ಕೆಡಲಿಲ್ಲ ಅಲ್ವಾ? ಹಾಗಾದರೆ ಕನ್ನಡದಲ್ಲೂ ಧೈರ್ಯವಾಗಿ ಬೇರೆ ಬೇರೆ ಪದ ಬಳಸಬಹುದು.

ಹೆಂಡತಿಯ ಮಾತಿಗೆ ಬಂದರೆ

ಮೊದಲು ಹೇಳಿದ ವಾಕ್ಯದಲ್ಲಿ ಈ ಪರೀಕ್ಷೆ ಸೋಲುತ್ತದೆ. ಅಲ್ಲಿ ಪದ ಬದಲಿಸಿದರೆ ಮಾತೇ ಬಿದ್ದುಹೋಗುತ್ತದೆ. ಹಾಗಿದ್ದರೆ ಜುಗಾಡ್ ಅಂತಲೇ ಇಡಬೇಕಾ? ಓದುಗರು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಬೀದರ್, ಕಲಬುರಗಿ ಕಡೆಯ ಓದುಗರಿಗೂ, ಬೆಂಗಳೂರಿನ ಆಫೀಸುಗಳಲ್ಲಿ ಹಿಂದಿಯವರ ಜೊತೆ ಕೆಲಸ ಮಾಡುವವರಿಗೂ ಜುಗಾಡ್ ವಿವರಿಸಬೇಕಾಗಿಲ್ಲ. ತೀರ್ಥಹಳ್ಳಿಯ ನಮ್ಮ ಅತ್ತೆಗೆ ವಿವರಿಸಬೇಕು. ತಮಾಷೆಯನ್ನು ವಿವರಿಸಿದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ.

ನಾನು ಬಹಳ ದಿನ ನಾಮಪದ ಹುಡುಕಿದೆ. ಮೇಲಿನ ಪ್ಯಾರಾ ತಿದ್ದುವಾಗ ‘ಹೇಗೋ ಓಡೋ ಹಾಗೆ ಮಾಡಿದೆ’ ಅಂತ ಕೈಯೇ ಬರೆಯಿತು. ಆಗ ಹೊಳೆಯಿತು. ಹಿಂದಿ ನಾಮಪದದಲ್ಲಿ ಹೇಳುವುದನ್ನು ಕನ್ನಡ ‘ಹೇಗೋ’ ಅನ್ನುವ ಸಣ್ಣ ಪದದಲ್ಲಿ ಹೇಳುತ್ತದೆ. ಹೇಗೋ ದುಡ್ಡು ಹೊಂದಿತು. ಹೇಗೋ ಗಾಡಿ ಓಡಿತು. ಹೇಗೋ ಸೀಟು ಸಿಕ್ಕಿತು. ವಸ್ತು, ಮನುಷ್ಯ, ದುಡ್ಡು ಅಂತ ಅದು ಬೇರೆ ಮಾಡುವುದಿಲ್ಲ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ವಿವರ ಕೇಳಬೇಡಿ ಅನ್ನುವ ಆ ಸಣ್ಣ ನಗುವೂ ಅದರಲ್ಲಿದೆ.

‘ನಿಮ್ಮದೆಲ್ಲಾ ಹೇಗೋ ಆಗಿದ್ದೇ ಬಿಡಿ. ಕೆಲಸಾನೂ ಹೇಗೋ, ಸ್ಕೂಟರೂ ಹೇಗೋ, ಮದುವೇನೂ ಹೇಗೋ.’

ಮೂರೂ ಉಳಿದವು, ಒಂದೇ ಪದವೂ ಉಳಿಯಿತು. ಗಟ್ಟಿಯಾಗಿ ಓದಿ ನೋಡಿದೆ, ನಗು ಬಂತು.

ಆದರೆ ‘ಹೇಗೋ’ಗೂ ಮಿತಿ ಇದೆ. ಅದು ಮಾಡಿದವನ ಕೈಚಳಕವನ್ನು ಮುಚ್ಚಿಬಿಡುತ್ತದೆ. ‘ಹೇಗೋ ಆಯಿತು’ ಅಂದರೆ ತಾನಾಗಿಯೇ ಆದಂತೆ ಕೇಳುತ್ತದೆ, ಜುಗಾಡ್‌ನಲ್ಲಿ ಮಾತ್ರ ಮಾಡಿದವನು ಎದೆಯುಬ್ಬಿಸಿ ನಿಂತಿರುತ್ತಾನೆ. ‘ಏನು ಜುಗಾಡ್ ಮಾಡಿದೆಯೋ!’ ಅಂತ ಗೆಳೆಯನ ಬೆನ್ನು ತಟ್ಟುವಾಗ ‘ಏನು ಹೇಗೋ ಮಾಡಿದೆಯೋ’ ಅನ್ನಲು ಆಗುವುದಿಲ್ಲ. ಅಲ್ಲಿ ‘ಭಲೇ ಐಡಿಯಾ’ ಅನ್ನಬೇಕು. ಜುಗಾಡೂ ಅನ್ನುವ ಮನುಷ್ಯನನ್ನೂ ‘ಹೇಗೋ’ದಿಂದ ಮಾಡಲಾಗುವುದಿಲ್ಲ, ಕಿಲಾಡಿಯೇ ಗತಿ. ಕಿಲಾಡಿಯಲ್ಲಿ ಸ್ವಲ್ಪ ಮೋಸದ ವಾಸನೆ ಜಾಸ್ತಿ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇದಕ್ಕಿಂತ ಒಳ್ಳೆಯದು ನಿಮ್ಮ ಊರಿನ ಮಾತಿನಲ್ಲಿ ಇದ್ದರೆ ಅದನ್ನೇ ಬಳಸಿ.